ಸರಿಯಾದ ಸಮಯ, ಒಣಗಿದ ಎಣ್ಣೆ: ಕೀ ಕೊಡುವ ಕೈಗಡಿಯಾರದ ಸರ್ವಿಸ್ ಕುರಿತ ಒಂದು ಸಮೀಕ್ಷೆ

ಕೀ ಕೊಡುವ ಕೈಗಡಿಯಾರವನ್ನು ಯಾವಾಗ ಬಿಚ್ಚಿಸಿ ಎಣ್ಣೆ ಹಾಕಿಸಬೇಕು ಎಂಬ ಪ್ರಶ್ನೆಗೆ ಅದನ್ನು ಕಟ್ಟಿಕೊಳ್ಳುವವರಲ್ಲಿ ಹೆಚ್ಚಿನವರ ಉತ್ತರ ಒಂದೇ ಆಗಿರುತ್ತದೆ: ಸಮಯ ತಪ್ಪತೊಡಗಿದಾಗ. ತೋರಿಕೆಗೆ ಸಮಂಜಸವಾದ ಈ ಉತ್ತರ ಗಡಿಯಾರದ ರಚನೆಯನ್ನು ಬಲ್ಲವರಿಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಏಕೆಂದರೆ ಒಳಗಿನ ಎಣ್ಣೆ ಪೂರ್ತಿ ಒಣಗಿ, ಉಕ್ಕಿನ ಅಚ್ಚುಗಳು ಹರಳಿನ ರಂಧ್ರಗಳಲ್ಲಿ ಬರಿದೇ ಉಜ್ಜಿಕೊಳ್ಳುತ್ತಿರುವಾಗಲೂ ಗಡಿಯಾರವು ದಿನಕ್ಕೆ ಕೆಲವೇ ಸೆಕೆಂಡುಗಳ ವ್ಯತ್ಯಾಸದಲ್ಲಿ ನಡೆಯುತ್ತಿರಬಹುದು. ಅದೇ ರೀತಿ, ಎಣ್ಣೆ ಸುಸ್ಥಿತಿಯಲ್ಲಿದ್ದರೂ ಬೇರೊಂದು ಕಾರಣಕ್ಕೆ ದಿನಕ್ಕೆ ಹತ್ತಾರು ನಿಮಿಷ ಮುಂದೆ ಓಡಬಹುದು. ಮುಳ್ಳುಗಳು ತೋರಿಸುವ ಸಮಯಕ್ಕೂ ಎಣ್ಣೆಯ ಸ್ಥಿತಿಗೂ ಇರುವ ಸಂಬಂಧ ಹೀಗೆ ಸಡಿಲವಾಗಿರುವುದೇ ಈ ವಿಷಯದ ತಿರುಳು, ಮತ್ತು ಸರ್ವಿಸ್‌ನ ಹೆಸರಿನಲ್ಲಿ ನಡೆಯುವ ಅರೆಕೆಲಸಗಳಿಗೆ ಆಸ್ಪದ ಒದಗಿಸುವುದೂ ಇದೇ.

ವಿಷಯವನ್ನು ನಿರ್ದಿಷ್ಟವಾಗಿ ನೋಡಲು 17 ಹರಳಿನ, ಕೈಯಿಂದ ಕೀ ಕೊಡುವ ಎಚ್‌ಎಂಟಿ ಗಡಿಯಾರವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ, ಅನಂತರ ತುಮಕೂರಿನಲ್ಲಿ ತಲೆಯೆತ್ತಿದ ಅದರ ಇನ್ನೊಂದು ಘಟಕ, ಮತ್ತು 2016ರಲ್ಲಿ ಕೇಂದ್ರ ಸರ್ಕಾರವು ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆಯಿತ್ತದ್ದು ಎಲ್ಲವೂ ಪರಿಚಿತ ಸಂಗತಿಗಳು. ಆದರೆ ಜನತಾ, ಪೈಲಟ್ ಮೊದಲಾದ ಹೆಸರುಗಳಲ್ಲಿ ಅಲ್ಲಿಂದ ಹೊರಬಂದ ಗಡಿಯಾರಗಳು ಕರ್ನಾಟಕದ ಮನೆಗಳ ಕಪಾಟುಗಳಲ್ಲಿ ಇಂದಿಗೂ ಇವೆ, ಅವುಗಳ ಯಂತ್ರವು ಸರಳವೂ ಗಟ್ಟಿಯೂ ಆಗಿದೆ, ಮತ್ತು ಅದರ ಬಗ್ಗೆ ಹೇಳುವ ಮಾತಿನಲ್ಲಿ ಬಹುಪಾಲು ದುಬಾರಿ ಸ್ವಿಸ್ ಗಡಿಯಾರಗಳಿಗೂ ಅನ್ವಯಿಸುತ್ತದೆ.

ಎಣ್ಣೆ ಎಲ್ಲಿ ಏಕೆ ಬೇಕೆಂಬುದು ತಿಳಿಯಬೇಕಾದರೆ ಶಕ್ತಿ ಹರಿಯುವ ದಾರಿಯನ್ನು ನೋಡಬೇಕು. ಕೀ ಕೊಟ್ಟಾಗ ಬಿಗಿಯಾಗುವ ಉಕ್ಕಿನ ಪಟ್ಟಿ, ಅಂದರೆ ಮೇನ್ ಸ್ಪ್ರಿಂಗ್, ಬ್ಯಾರಲ್ ಎಂದು ಕರೆಯುವ ಹಲ್ಲುಳ್ಳ ಸಣ್ಣ ಡಬ್ಬಿಯೊಳಗೆ ಸುತ್ತಿಕೊಂಡಿರುತ್ತದೆ. ಅದು ಬಿಚ್ಚಿಕೊಳ್ಳುವಾಗ ಬ್ಯಾರಲ್ ಹಲವು ಗಂಟೆಗಳಿಗೊಂದು ಸುತ್ತು ತಿರುಗುತ್ತದೆ. ಅದರಿಂದ ಚಲನೆ ಪಡೆಯುವ ನಡುಚಕ್ರ ಗಂಟೆಗೆ ಒಂದು ಸುತ್ತು, ನಾಲ್ಕನೆಯ ಚಕ್ರ ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಸಾಲಿನ ಕೊನೆಯಲ್ಲಿರುವ ಎಸ್ಕೇಪ್ ಚಕ್ರಕ್ಕೆ ಸಾಮಾನ್ಯವಾಗಿ 15 ಹಲ್ಲುಗಳಿದ್ದು, ಗಂಟೆಗೆ 18,000 ಬಾರಿ ಟಿಕ್ ಎನ್ನುವ ಗಡಿಯಾರದಲ್ಲಿ ಅದು ನಿಮಿಷಕ್ಕೆ ಹತ್ತು ಸುತ್ತು ತಿರುಗುತ್ತದೆ. ಎರಡು ಹರಳಿನ ತುಂಡುಗಳನ್ನು ಕವೆಯಂತೆ ಹಿಡಿದಿರುವ ಪ್ಯಾಲೆಟ್ ಎಂಬ ಭಾಗವು ಈ ಚಕ್ರವನ್ನು ಒಂದೊಂದೇ ಹಲ್ಲಿನಷ್ಟು ಬಿಡುತ್ತ, ಬಿಟ್ಟಾಗ ಸಿಗುವ ಸಣ್ಣ ತಳ್ಳನ್ನು ಬ್ಯಾಲೆನ್ಸ್ ಚಕ್ರಕ್ಕೆ ದಾಟಿಸುತ್ತದೆ. ಬ್ಯಾಲೆನ್ಸ್ ಚಕ್ರವು ಕೂದಲಿನಷ್ಟು ತೆಳುವಾದ ಹೇರ್ ಸ್ಪ್ರಿಂಗ್‌ನ ಹಿಡಿತದಲ್ಲಿ ಅತ್ತಿತ್ತ ತೂಗಾಡುತ್ತದೆ, ದಿನಕ್ಕೆ 4,32,000 ಬಾರಿ. ಅದರ ಅಚ್ಚಿನ ತುದಿಯ ದಪ್ಪ ಒಂದು ಮಿಲಿಮೀಟರಿನ ಸುಮಾರು ಹತ್ತರಲ್ಲಿ ಒಂದು ಭಾಗ.

ಹೀಗೆ ಒಂದೇ ಯಂತ್ರದೊಳಗೆ ಒಂದು ತುದಿಯಲ್ಲಿ ಭಾರ ಹೆಚ್ಚು ವೇಗ ಕಡಿಮೆ, ಇನ್ನೊಂದು ತುದಿಯಲ್ಲಿ ವೇಗ ಹೆಚ್ಚು ಬಲ ಅತ್ಯಲ್ಪ. ಆದುದರಿಂದ ಒಂದೇ ಎಣ್ಣೆ ಎಲ್ಲ ಕಡೆಗೂ ಒಗ್ಗುವುದಿಲ್ಲ. ಬ್ಯಾರಲ್ ಮತ್ತು ಕೀ ಕೊಡುವ ಭಾಗಗಳಿಗೆ ಗ್ರೀಸ್, ನಿಧಾನವಾಗಿ ತಿರುಗುವ ನಡುಚಕ್ರದಂಥವಕ್ಕೆ ಮಂದವಾದ ಎಣ್ಣೆ, ಎಸ್ಕೇಪ್ ಮತ್ತು ಬ್ಯಾಲೆನ್ಸ್ ಚಕ್ರಗಳ ಅಚ್ಚುಗಳಿಗೆ ತೀರ ತೆಳುವಾದ ಎಣ್ಣೆ ಬೇಕು. ಮೋಬಿಯಸ್ ಎಂಬ ಸ್ವಿಸ್ ತಯಾರಿಕೆಯ 9010 ಸಂಖ್ಯೆಯ ಕೃತಕ ಎಣ್ಣೆ ಈ ಕೊನೆಯ ಬಗೆಯದಾಗಿದ್ದು ಗಡಿಯಾರ ರಿಪೇರಿಯವರಲ್ಲಿ ಚಿರಪರಿಚಿತ. ಪ್ಯಾಲೆಟ್ ಹರಳುಗಳಿಗೆ ಅದೇ ಸಂಸ್ಥೆಯ 9415, ಹೊಡೆತ ಬಿದ್ದ ಕ್ಷಣದಲ್ಲಿ ತೆಳುವಾಗಿ ಮರುಕ್ಷಣ ಮತ್ತೆ ಗಟ್ಟಿಯಾಗಿ ಅಲ್ಲೇ ನಿಲ್ಲುವ ಗುಣವುಳ್ಳ ಗ್ರೀಸ್. ಪ್ಯಾಲೆಟ್‌ನ ಅಚ್ಚಿಗೆ ಮಾತ್ರ ಸಾಮಾನ್ಯವಾಗಿ ಎಣ್ಣೆಯನ್ನೇ ಹಾಕುವುದಿಲ್ಲ, ಏಕೆಂದರೆ ಅದು ತಿರುಗದೆ ಕೆಲವು ಡಿಗ್ರಿಯಷ್ಟು ಅಲುಗುತ್ತದಷ್ಟೆ, ಅಲ್ಲಿ ಎಣ್ಣೆಯ ಜಿಗುಟಿನಿಂದ ಆಗುವ ನಷ್ಟ ಲಾಭಕ್ಕಿಂತ ಹೆಚ್ಚು. ಕಲಿತ ಕೈಯನ್ನು ಕಲಿಯದ ಕೈಯಿಂದ ಬೇರ್ಪಡಿಸಲು ಈ ಒಂದು ಸ್ಥಳವನ್ನು ನೋಡಿದರೂ ಸಾಕು ಎನ್ನಬಹುದು.

ಎಣ್ಣೆ ನಿಲ್ಲುವ ಜಾಗವೂ ಗಮನಾರ್ಹವಾದುದು. ಡಯಲ್ ಮೇಲೆ ಮುದ್ರಿತವಾಗಿರುವ 17 ಎಂಬ ಸಂಖ್ಯೆ ಅಲಂಕಾರದ ಹರಳುಗಳದಲ್ಲ, ಕೃತಕ ಮಾಣಿಕ್ಯದಿಂದ ಮಾಡಿದ, ಬಹುಪಾಲು ಬೇರಿಂಗುಗಳಾಗಿ ಕೆಲಸ ಮಾಡುವ ಹರಳುಗಳದು. ಸಾಮಾನ್ಯ ಹಂಚಿಕೆಯಲ್ಲಿ ಬ್ಯಾಲೆನ್ಸ್ ಚಕ್ರಕ್ಕೆ ಐದು, ಪ್ಯಾಲೆಟ್‌ಗೆ ನಾಲ್ಕು, ಎಸ್ಕೇಪ್, ನಾಲ್ಕನೆಯ, ಮೂರನೆಯ ಮತ್ತು ನಡುಚಕ್ರಗಳಿಗೆ ಎರಡೆರಡು ಸಲ್ಲುತ್ತವೆ. ಪ್ರತಿ ರಂಧ್ರದ ಹರಳಿನ ಹೊರಮೈಯಲ್ಲಿ ಬಟ್ಟಲಿನಂತೆ ಕೊರೆದ ತಗ್ಗು ಇರುತ್ತದೆ, ಎಣ್ಣೆ ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ತುಂಬಿರಬೇಕು. ಅಚ್ಚಿನ ಸುತ್ತ ಅದನ್ನು ಹಿಡಿದಿಡುವುದು ದ್ರವದ ಮೇಲ್ಮೈ ಸೆಳೆತವೇ ಹೊರತು ಬೇರಾವ ತಡೆಗೋಡೆಯೂ ಅಲ್ಲ. ಹೆಚ್ಚು ಹಾಕಿದರೆ ತಗ್ಗು ತುಂಬಿ ತುಳುಕಿ, ಆ ಸೆಳೆತ ಮುರಿದು, ಇದ್ದ ಎಣ್ಣೆಯೂ ಲೋಹದ ತಟ್ಟೆಯ ಮೇಲೆ ಹರಡಿಹೋಗುತ್ತದೆ. ಧಾರಾಳವಾಗಿ ಎಣ್ಣೆ ಕುಡಿಸಿದ ಗಡಿಯಾರ ಬೇಗ ಒಣಗುವುದು ಹೀಗೆ.

ಒಣಗುವುದು ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ಕ್ರಿಯೆಗಳು ಅಡಗಿವೆ. ಪ್ರಾಣಿಜನ್ಯ ಹಾಗೂ ಖನಿಜ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ, ಹಿತ್ತಾಳೆಯೊಡನೆ ಸೇರಿ ಕಾಲಕ್ರಮದಲ್ಲಿ ಕಂದು ಅಥವಾ ಹಸಿರು ಬಣ್ಣದ ಅಂಟಾಗುತ್ತವೆ. ಹಳೆಯ ಗಡಿಯಾರಗಳಲ್ಲಿ ಚಕ್ರಗಳು ಸಿಕ್ಕಿಕೊಂಡು ನಿಲ್ಲುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಇಂದಿನ ಕೃತಕ ಎಣ್ಣೆಗಳು ಅಷ್ಟಾಗಿ ಅಂಟಾಗುವುದಿಲ್ಲ, ಆದರೆ ಅವು ನಿಧಾನವಾಗಿ ಇರಬೇಕಾದ ಜಾಗ ಬಿಟ್ಟು ಹರಡುತ್ತವೆ, ತುಸು ಆವಿಯೂ ಆಗುತ್ತವೆ. ಮೂರನೆಯದು ಕಲ್ಮಶ: ಲೋಹದ ಸೂಕ್ಷ್ಮ ಪುಡಿ ಎಣ್ಣೆಯಲ್ಲಿ ಸೇರಿದಾಗ ಅದು ಜಾರಿಸುವ ದ್ರವವಾಗಿ ಉಳಿಯದೆ ತೇಯುವ ಲೇಪವಾಗುತ್ತದೆ. ಕಟ್ಟಿಕೊಳ್ಳದೆ ಪೆಟ್ಟಿಗೆಯಲ್ಲಿಟ್ಟ ಗಡಿಯಾರದಲ್ಲಿ ಕೊನೆಯದು ನಡೆಯುವುದಿಲ್ಲವಾದರೂ ಮೊದಲೆರಡು ನಡೆದೇ ತೀರುತ್ತವೆ. ಆದುದರಿಂದ ಮದುವೆಯಲ್ಲಿ ಉಡುಗೊರೆಯಾಗಿ ಬಂದು ಮೂವತ್ತು ವರ್ಷ ಬೀರುವಿನಲ್ಲೇ ಉಳಿದ ಗಡಿಯಾರವು ಹೊಸದರಂತೆ ಹೊಳೆಯುತ್ತಿದ್ದರೂ ಅದನ್ನು ಹಾಗೆಯೇ ಕೀ ಕೊಟ್ಟು ದಿನವೂ ಕಟ್ಟಿಕೊಳ್ಳುವುದು ಸರಿಯಲ್ಲ. ಅದರ ಅಚ್ಚುಗಳು ನಿಜಕ್ಕೂ ಹೊಸವಾಗಿಯೇ ಇರುವುದರಿಂದ ಹಾಳಾಗುವುದೂ ಅವೇ.

ಹಿಂಬದಿಯ ಮುಚ್ಚಳ ತೆಗೆದು ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯಿಂದ ನೋಡಿದಾಗ ಈ ಹಂತಗಳು ಸ್ಪಷ್ಟವಾಗಿ ಕಾಣುತ್ತವೆ. ಆರೋಗ್ಯವಂತ ಹರಳಿನ ತಗ್ಗಿನಲ್ಲಿ ಅಚ್ಚಿನ ಸುತ್ತ ಪಾರದರ್ಶಕವಾದ ಒಂದು ಉಂಗುರವಿದ್ದು, ಬೆಳಕು ಬಿದ್ದಾಗ ಅದರ ಅಂಚು ಮಿಂಚುತ್ತದೆ. ಎಣ್ಣೆ ಹೋದ ಹರಳಿನಲ್ಲಿ ಆ ಅಂಚು ಇರುವುದಿಲ್ಲ, ತಗ್ಗಿನ ತಳ ಮಂಕಾಗಿ, ಕೆಲವೊಮ್ಮೆ ಅರಿಸಿನ ಕಂದು ಬಣ್ಣದ ಒಣ ಕಲೆಯೊಂದಿಗೆ ಕಾಣುತ್ತದೆ. ಹರಳಿನ ಸುತ್ತಲಿನ ಲೋಹದ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ಹಬ್ಬಿದ್ದರೆ ಎಣ್ಣೆ ತನ್ನ ನೆಲೆ ಬಿಟ್ಟು ಹರಡಿದೆ ಎಂದರ್ಥ. ಅಚ್ಚಿನ ಬುಡದಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಧೂಳು ಕಂಡರೆ ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ. ಅದು ಉಕ್ಕು ಸವೆದು ತುಕ್ಕಾಗಿ ಉದುರಿದ ಪುಡಿ. ಆ ಹಂತಕ್ಕೆ ಬಂದ ಗಡಿಯಾರಕ್ಕೆ ಎಣ್ಣೆಯಷ್ಟೇ ಸಾಲದು, ಅಚ್ಚಿಗೆ ಪಾಲಿಶ್ ಅಥವಾ ಚಕ್ರದ ಬದಲಾವಣೆಯೇ ಬೇಕಾಗಬಹುದು.

ಮುಚ್ಚಳ ತೆಗೆಯದೆ ಎಣ್ಣೆಯ ಸ್ಥಿತಿಯನ್ನು ಊಹಿಸುವ ಅತ್ಯಂತ ವಿಶ್ವಾಸಾರ್ಹ ಅಳತೆ ಆಂಪ್ಲಿಟ್ಯೂಡ್. ಬ್ಯಾಲೆನ್ಸ್ ಚಕ್ರವು ತನ್ನ ನಡುಸ್ಥಾನದಿಂದ ಒಂದು ಬದಿಗೆ ಎಷ್ಟು ಡಿಗ್ರಿ ತಿರುಗಿ ಹಿಂದಿರುಗುತ್ತದೆ ಎಂಬುದೇ ಆಂಪ್ಲಿಟ್ಯೂಡ್. ಟೈಮ್‌ಗ್ರಾಫರ್ ಎಂಬ ಉಪಕರಣ ಗಡಿಯಾರದ ಟಿಕ್ ಸದ್ದನ್ನು ಮೈಕಿನಲ್ಲಿ ಆಲಿಸಿ, ಒಂದೊಂದು ಟಿಕ್ಕಿನೊಳಗಿನ ಉಪಸದ್ದುಗಳ ನಡುವಿನ ಅಂತರದಿಂದ ಇದನ್ನು ಲೆಕ್ಕಹಾಕಿ ತೋರಿಸುತ್ತದೆ. ಪೂರ್ತಿ ಕೀ ಕೊಟ್ಟು ಡಯಲ್ ಮೇಲ್ಮುಖವಾಗಿ ಮಲಗಿಸಿದ ಸುಸ್ಥಿತಿಯ ಗಡಿಯಾರ ಸಾಮಾನ್ಯವಾಗಿ 270ರಿಂದ 310 ಡಿಗ್ರಿ ತೋರುತ್ತದೆ. ನಿಲ್ಲಿಸಿ ಹಿಡಿದರೆ ಅಚ್ಚಿನ ಬದಿ ಹರಳಿಗೆ ಉಜ್ಜುವುದರಿಂದ ಇಪ್ಪತ್ತರಿಂದ ನಲವತ್ತು ಡಿಗ್ರಿ ಕಡಿಮೆಯಾಗುತ್ತದೆ. ಎಣ್ಣೆ ಒಣಗಿ ಘರ್ಷಣೆ ಹೆಚ್ಚಿದಂತೆಲ್ಲ ಮೇನ್ ಸ್ಪ್ರಿಂಗ್‌ನ ಬಲ ದಾರಿಯಲ್ಲೇ ಸೋರಿಹೋಗಿ ಈ ಸಂಖ್ಯೆ ಇಳಿಯುತ್ತದೆ, ಪೂರ್ತಿ ಕೀ ಕೊಟ್ಟಾಗಲೂ 200ರ ಆಸುಪಾಸಿಗೆ ಬಂದರೆ ಸರ್ವಿಸ್ ಮುಂದೂಡುವಂತಿಲ್ಲ.

ಆಂಪ್ಲಿಟ್ಯೂಡ್ ಇಷ್ಟು ಕುಸಿದರೂ ಸಮಯ ತಪ್ಪದಿರಲು ಕಾರಣವಿದೆ. ತೂಗಾಟದ ಅವಧಿಯನ್ನು ನಿರ್ಧರಿಸುವುದು ಹೇರ್ ಸ್ಪ್ರಿಂಗ್‌ನ ಬಿಗುವು ಮತ್ತು ಚಕ್ರದ ಜಡತ್ವ. ತೂಗಾಟ ದೊಡ್ಡದಾಗಲಿ ಚಿಕ್ಕದಾಗಲಿ ಅದಕ್ಕೆ ಹಿಡಿಯುವ ಕಾಲ ಹೆಚ್ಚುಕಡಿಮೆ ಒಂದೇ. ಆ ಹೆಚ್ಚುಕಡಿಮೆಯಲ್ಲೇ ತೊಡಕಿರುವುದು. ಬ್ಯಾಲೆನ್ಸ್ ಚಕ್ರದ ತೂಕ ಒಂದು ಬದಿಗೆ ಕೂದಲೆಳೆಯಷ್ಟು ವಾಲಿದ್ದರೂ ನಿಲ್ಲಿಸಿ ಹಿಡಿದ ಗಡಿಯಾರ ಆಂಪ್ಲಿಟ್ಯೂಡ್‌ಗೆ ತಕ್ಕಂತೆ ಮುಂದೆ ಅಥವಾ ಹಿಂದೆ ಹೋಗುತ್ತದೆ, ಸುಮಾರು 220 ಡಿಗ್ರಿಯ ಕೆಳಗೆ ಈ ದೋಷದ ದಿಕ್ಕೇ ತಿರುಗುಮುರುಗಾಗುತ್ತದೆ. ಒಂದೇ ಮಾದರಿಯ, ಸಮಾನವಾಗಿ ಒಣಗಿದ ಎರಡು ಗಡಿಯಾರಗಳಲ್ಲಿ ಒಂದು ಮುಂದೆಯೂ ಇನ್ನೊಂದು ಹಿಂದೆಯೂ ಹೋಗುವುದಕ್ಕೆ ಇದೂ ಒಂದು ಕಾರಣ.

ಒಂದು ಉದಾಹರಣೆಯನ್ನು ಸಂಖ್ಯೆಗಳ ಸಮೇತ ನೋಡಬಹುದು. ಹನ್ನೆರಡು ವರ್ಷ ಬಿಚ್ಚದ, ದಿನವೂ ಬೆಳಗ್ಗೆ ಕೀ ಕೊಟ್ಟು ಕಟ್ಟಿಕೊಳ್ಳುವ ಒಂದು ಎಚ್‌ಎಂಟಿ ಗಡಿಯಾರ ದಿನಕ್ಕೆ ಐದಾರು ಸೆಕೆಂಡು ಮಾತ್ರ ಹಿಂದೆ ಬೀಳುತ್ತಿದೆ, ಅದರ ಒಡೆಯರಿಗೆ ದೂರೇ ಇಲ್ಲ ಎಂದಿಟ್ಟುಕೊಳ್ಳೋಣ. ಪೂರ್ತಿ ಕೀ ಕೊಟ್ಟು ಟೈಮ್‌ಗ್ರಾಫರ್ ಮೇಲೆ ಮಲಗಿಸಿದಾಗ ಆಂಪ್ಲಿಟ್ಯೂಡ್ 215 ಡಿಗ್ರಿ, ನಡಿಗೆ ದಿನಕ್ಕೆ 12 ಸೆಕೆಂಡು ಮುಂದೆ; ಕೀ ಗುಂಡಿ ಕೆಳಮುಖವಾಗುವಂತೆ ನಿಲ್ಲಿಸಿದಾಗ 180 ಡಿಗ್ರಿ, 30 ಸೆಕೆಂಡು ಹಿಂದೆ; ಇಪ್ಪತ್ನಾಲ್ಕು ಗಂಟೆಯ ಅನಂತರ ಮಲಗಿಸಿದಾಗ 165 ಡಿಗ್ರಿ. ಕೀ ಕೊಡದೆ ಬಿಟ್ಟರೆ ಇಪ್ಪತ್ತೇಳನೆಯ ಗಂಟೆಗೆ ನಿಲ್ಲುತ್ತದೆ, ಈ ಬಗೆಯ ಗಡಿಯಾರ ಸಾಮಾನ್ಯವಾಗಿ 36ರಿಂದ 45 ಗಂಟೆ ನಡೆಯಬೇಕು. ರಾತ್ರಿ ಮೇಜಿನ ಮೇಲೆ ಮಲಗಿದಾಗ ಗಳಿಸಿದ್ದನ್ನು ಹಗಲು ಕೈಯಲ್ಲಿದ್ದಾಗ ಕಳೆಯುತ್ತ, ಸ್ಪ್ರಿಂಗ್ ತೀರ ಸಡಿಲವಾಗುವ ಮುನ್ನವೇ ಬೆಳಗಿನ ಕೀ ಪಡೆಯುತ್ತ, ಈ ಗಡಿಯಾರ ತನ್ನ ಬಡತನವನ್ನು ಮುಚ್ಚಿಟ್ಟುಕೊಂಡಿದೆ. ನಡುವೆ ಯಾರಾದರೂ ಮುಂದೆ-ಹಿಂದೆ ಮಾಡುವ ಸಣ್ಣ ಕಡ್ಡಿಯನ್ನು ಸರಿಸಿ ಸಮಯ ಹೊಂದಿಸಿಕೊಟ್ಟಿದ್ದರಂತೂ ಪತ್ತೆ ಇನ್ನೂ ಕಷ್ಟ.

ಉಪಕರಣವಿಲ್ಲದವರೂ ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಈ ಉದಾಹರಣೆಯಲ್ಲೇ ಅಡಗಿದೆ. ಗಡಿಯಾರಕ್ಕೆ ಪೂರ್ತಿ ಕೀ ಕೊಟ್ಟು, ಅಲುಗಿಸದೆ ಇಟ್ಟು, ಎಷ್ಟು ಗಂಟೆಗೆ ನಿಂತಿತು ಎಂದು ನೋಡುವುದು ಒಂದು. ಒಂದು ರಾತ್ರಿ ಮಲಗಿಸಿ, ಮತ್ತೊಂದು ರಾತ್ರಿ ಗುಂಡಿ ಕೆಳಗಾಗಿ ಒರಗಿಸಿ, ಎರಡರ ವ್ಯತ್ಯಾಸ ಅಳೆಯುವುದು ಇನ್ನೊಂದು. ನಡೆಯುವ ಅವಧಿ ಮೊದಲಿಗಿಂತ ಮೂರನೆಯ ಒಂದು ಭಾಗ ಕುಗ್ಗಿದ್ದರೆ, ಅಥವಾ ನಿಂತ ಗಡಿಯಾರ ಕೀ ಕೊಟ್ಟ ಮೇಲೂ ತಾನಾಗಿ ಹೊರಡದೆ ಅಲುಗಿಸಿದಾಗಷ್ಟೇ ಹೊರಟರೆ, ಒಳಗಿನ ಘರ್ಷಣೆ ಮಿತಿ ಮೀರಿದೆ ಎಂದು ತಿಳಿಯಬಹುದು. ಕೈಯ ಚಲನೆಯಿಂದಲೇ ಕೀ ಏರುವ ಆಟೋಮ್ಯಾಟಿಕ್ ಗಡಿಯಾರಗಳಲ್ಲಿ ಇವುಗಳ ಜೊತೆಗೆ ಒಳಗಿನ ತೂಕದ ತಟ್ಟೆ ಗರಗರ ಎನ್ನುವುದು, ಕೈಯಿಂದ ಕೀ ಕೊಡುವಾಗ ಆ ತಟ್ಟೆಯೂ ಗಿರಗಿರನೆ ಸುತ್ತುವುದು ಮುಂತಾದ ಲಕ್ಷಣಗಳಿವೆ.

ಎಣ್ಣೆಯದೆಂದು ತಪ್ಪಾಗಿ ಭಾವಿಸಲಾಗುವ ಇತರ ಕಾಯಿಲೆಗಳನ್ನು ಮೊದಲು ಬದಿಗಿಡಬೇಕು. ಗಡಿಯಾರ ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಬಹುಮಟ್ಟಿಗೆ ಅದು ಕಾಂತತ್ವದ ಫಲ: ಮೊಬೈಲಿನ, ಸ್ಪೀಕರಿನ ಅಥವಾ ಪರ್ಸಿನ ಗುಂಡಿಯ ಆಯಸ್ಕಾಂತದಿಂದ ಹೇರ್ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗ್ ಗಿಡ್ಡವಾದಂತೆ ವರ್ತಿಸುತ್ತದೆ. ದಿಕ್ಸೂಚಿಯ ಬಳಿ ಗಡಿಯಾರ ತಂದಾಗ ಸೂಜಿ ತಿರುಗಿದರೆ ಅನುಮಾನ ಗಟ್ಟಿಯಾಗುತ್ತದೆ, ಮತ್ತು ಕಾಂತತ್ವ ತೆಗೆಯುವುದು ಕೆಲವೇ ಸೆಕೆಂಡುಗಳ ಕೆಲಸ. ಗಾಜಿನ ಒಳಗೆ ಮಂಜು ಕಟ್ಟಿದ್ದರೆ ಅದು ನೀರಿನ ತೊಂದರೆ. ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯಲು ವಾರಗಳೇನೂ ಬೇಕಾಗಿಲ್ಲವಾದುದರಿಂದ ಅಂಥ ಗಡಿಯಾರವನ್ನು ಅದೇ ದಿನ ಬಿಚ್ಚಿಸುವುದು ಒಳ್ಳೆಯದು. ಕರಾವಳಿಯ ಸೆಕೆ, ಬೆವರುಗಳಲ್ಲಿ ರಬ್ಬರ್ ಉಂಗುರಗಳು ಗಟ್ಟಿಯಾದ ಹಳೆಯ ಗಡಿಯಾರಗಳಿಗೆ ಈ ಅಪಾಯ ಎಣ್ಣೆಯ ಅಪಾಯಕ್ಕಿಂತಲೂ ದೊಡ್ಡದು.

ಹಾಗಾದರೆ ಎಷ್ಟು ವರ್ಷಕ್ಕೊಮ್ಮೆ? ಹಿಂದಿನ ಪಾಠ ಮೂರರಿಂದ ಐದು ವರ್ಷ ಎಂದಿತ್ತು, ಅದು ಹಳೆಯ ಎಣ್ಣೆಗಳ ಕಾಲದ ಲೆಕ್ಕ. ಇಂದು ಒಮೆಗಾ ಐದರಿಂದ ಎಂಟು ವರ್ಷವೆಂದೂ ರೋಲೆಕ್ಸ್ ಸುಮಾರು ಹತ್ತು ವರ್ಷವೆಂದೂ ಹೇಳುತ್ತವೆ. ಜಾರುವ ಘರ್ಷಣೆಯನ್ನು ಕಡಿಮೆ ಮಾಡಲೆಂದು ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ರೂಪಿಸಿದ, 1999ರಲ್ಲಿ ಒಮೆಗಾ ಬಳಕೆಗೆ ತಂದ ಕೋ-ಆಕ್ಸಿಯಲ್ ರಚನೆ ಈ ಅವಧಿಯನ್ನು ಹಿಗ್ಗಿಸುವ ಯತ್ನಗಳಲ್ಲೊಂದು. ಆದರೂ ಅದು ಎಸ್ಕೇಪ್ ಚಕ್ರದ ಬಳಿಯ ಸಮಸ್ಯೆಗಷ್ಟೇ ಮದ್ದು, ಉಳಿದ ಅಚ್ಚುಗಳ ಎಣ್ಣೆಗೆ ಎಲ್ಲರಂತೆಯೇ ವಯಸ್ಸಾಗುತ್ತದೆ. ನಿಲ್ಲುವವರೆಗೆ ಓಡಿಸಿ ಆಮೇಲೆ ನೋಡೋಣ ಎಂಬ ವಾದವೂ ಬಳಕೆಯಲ್ಲಿದೆ, ಬಿಡಿಭಾಗ ಧಾರಾಳವಾಗಿ ಸಿಗುವ ಅಗ್ಗದ ಗಡಿಯಾರಗಳ ಮಟ್ಟಿಗೆ ಅದು ತಪ್ಪೇನಲ್ಲ. ಎಚ್‌ಎಂಟಿಗೆ ಅದೇ ವಾದ ಒಪ್ಪುವುದಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗವೆಂದರೆ ಉಳಿದ ಹಳೆಯ ದಾಸ್ತಾನು, ಇಲ್ಲವೇ ಇನ್ನೊಂದು ಸತ್ತ ಗಡಿಯಾರದಿಂದ ಕಿತ್ತದ್ದು. ಕಿತ್ತ ಭಾಗವೂ ಎಣ್ಣೆಯಿಲ್ಲದೆ ಓಡಿ ಸವೆದಿರುವ ಸಂಭವವೇ ಹೆಚ್ಚು. ಆರೇಳು ವರ್ಷಕ್ಕೊಮ್ಮೆ ಬಿಚ್ಚಿಸುವುದು, ನಡುವೆ ವರ್ಷಕ್ಕೋ ಎರಡು ವರ್ಷಕ್ಕೋ ಟೈಮ್‌ಗ್ರಾಫರ್ ಮೇಲೆ ಆಂಪ್ಲಿಟ್ಯೂಡ್ ನೋಡಿಸಿ ಬರೆದಿಟ್ಟುಕೊಳ್ಳುವುದು ಇಂಥ ಗಡಿಯಾರಕ್ಕೆ ಹೊಂದುವ ಕ್ರಮ.

ಅಂಗಡಿಗಳಲ್ಲಿ ಓವರ್‌ಹಾಲಿಂಗ್ ಎಂದು ಕರೆಯುವ ಪೂರ್ಣ ಸರ್ವಿಸ್ ಎಂದರೆ ಯಂತ್ರವನ್ನು ಕೊನೆಯ ತಿರುಪಿನವರೆಗೆ ಬಿಚ್ಚಿ, ತೊಳೆದು, ಪರೀಕ್ಷಿಸಿ, ಹೊಸ ಎಣ್ಣೆಯೊಂದಿಗೆ ಮತ್ತೆ ಜೋಡಿಸುವುದು. ಬಿಚ್ಚುವ ಮುನ್ನವೇ ಟೈಮ್‌ಗ್ರಾಫರ್ ಮೇಲೆ ನಡಿಗೆ ದಾಖಲಿಸಬೇಕು, ಇಲ್ಲವಾದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ಮುಳ್ಳು ಮತ್ತು ಡಯಲ್ ತೆಗೆದ ಮೇಲೆ ಮೊದಲ ಕೆಲಸ ಮೇನ್ ಸ್ಪ್ರಿಂಗ್‌ನ ಬಲವನ್ನು ಇಳಿಸುವುದು: ಸ್ಪ್ರಿಂಗ್ ಹಿಂದೆ ಬಿಚ್ಚದಂತೆ ತಡೆಯುವ ಸಣ್ಣ ಕೊಕ್ಕೆಯನ್ನು ಸರಿಸಿ ಹಿಡಿದು, ಕೀ ಗುಂಡಿಯನ್ನು ಬೆರಳುಗಳ ನಡುವೆ ನಿಧಾನವಾಗಿ ಜಾರಗೊಡಬೇಕು. ಈ ಹೆಜ್ಜೆಯನ್ನು ಮರೆತು ಪ್ಯಾಲೆಟ್ ಎತ್ತಿದರೆ ತಡೆಯಿಲ್ಲದ ಚಕ್ರಗಳು ಒಮ್ಮೆಲೇ ಭೋರೆಂದು ತಿರುಗಿ ಅಚ್ಚು ಮುರಿಯಬಹುದು. ಅನಂತರ ಬ್ಯಾಲೆನ್ಸ್, ಪ್ಯಾಲೆಟ್, ಚಕ್ರಗಳ ಸಾಲು, ಬ್ಯಾರಲ್, ಕೊನೆಗೆ ಕೀ ಮತ್ತು ಮುಳ್ಳು ತಿರುಗಿಸುವ ಭಾಗಗಳು ಒಂದೊಂದಾಗಿ ಹೊರಬರುತ್ತವೆ. ಡಯಲ್ ಮೇಲೆ ಪ್ಯಾರಾಶಾಕ್ ಎಂದು ಮುದ್ರಿಸಿರುವ ಗಡಿಯಾರದಲ್ಲಿ ಬ್ಯಾಲೆನ್ಸ್ ಅಚ್ಚಿನ ತುದಿಯನ್ನು ಕಾಯುವ ಮೇಲುಹರಳನ್ನು ಸೂಕ್ಷ್ಮವಾದ ಸ್ಪ್ರಿಂಗ್ ಹಿಡಿದಿರುತ್ತದೆ, ಆ ಹರಳನ್ನೂ ಬಿಡಿಸಿ ತೊಳೆಯದೆ ಅಲ್ಲಿನ ಹಳೆಯ ಎಣ್ಣೆ ಹೋಗದು. ಚಿಮಟದಿಂದ ಜಿಗಿದು ಕಣ್ಮರೆಯಾಗುವ ಭಾಗಗಳಲ್ಲಿ ಆ ಸ್ಪ್ರಿಂಗಿಗೇ ಅಗ್ರಸ್ಥಾನ.

ತೊಳೆಯುವಿಕೆ ಯಂತ್ರದಲ್ಲಿ, ಕೆಲವು ಕಡೆ ಶ್ರವಣಾತೀತ ಕಂಪನದ ತೊಟ್ಟಿಯಲ್ಲಿ ನಡೆಯುತ್ತದೆ: ಒಂದು ಸುತ್ತು ಸ್ವಚ್ಛಕ ದ್ರಾವಣ, ಎರಡು ಸುತ್ತು ಶುದ್ಧ ದ್ರಾವಣ, ಬಳಿಕ ಬಿಸಿಗಾಳಿ. ಸಣ್ಣ ಅಂಗಡಿಗಳಲ್ಲಿ ವೈಟ್ ಪೆಟ್ರೋಲ್ ಮತ್ತು ಬ್ರಷ್ ಇದೇ ಕೆಲಸ ಮಾಡುತ್ತ ಬಂದಿವೆ, ತಾಳ್ಮೆಯಿಂದ ಮಾಡಿದರೆ ಫಲವೂ ಕೆಟ್ಟದ್ದಲ್ಲ. ಆದರೆ ಯಾವ ತೊಳೆತವಾದರೂ ಹರಳಿನ ರಂಧ್ರದಲ್ಲಿ ಅಂಟಿ ಗಟ್ಟಿಯಾದ ಎಣ್ಣೆಯನ್ನು ತಾನೇ ತೆಗೆಯಲಾರದು. ಚೂಪಾಗಿ ಕೆತ್ತಿದ ಮರದ ಕಡ್ಡಿಯನ್ನು ಪ್ರತಿ ರಂಧ್ರದಲ್ಲಿ ತಿರುಗಿಸಿ, ಕಡ್ಡಿಯ ತುದಿ ಬಿಳಿಯಾಗಿ ಹೊರಬರುವವರೆಗೆ ಮತ್ತೆ ಮತ್ತೆ ಕೆತ್ತಿ ಉಜ್ಜಬೇಕು. ಪ್ಯಾಲೆಟ್ ಹರಳುಗಳನ್ನೂ ಬ್ಯಾಲೆನ್ಸ್‌ನಲ್ಲಿ ತಳ್ಳು ಪಡೆಯುವ ಹರಳನ್ನೂ ಅರಗಿನಿಂದ ಅಂಟಿಸಿರುತ್ತಾರೆ, ಅರಗು ಆಲ್ಕೊಹಾಲ್‌ನಲ್ಲಿ ಕರಗುತ್ತದೆ. ಪ್ಯಾಲೆಟ್ ಮತ್ತು ಬ್ಯಾಲೆನ್ಸ್ ಎರಡನ್ನೂ ಆಲ್ಕೊಹಾಲಿನಲ್ಲಿ ನೆನೆಹಾಕಿ ಮರೆತವರು ಮರುದಿನ ಹರಳುಗಳನ್ನು ಬೇರೆಯಾಗಿ ಹುಡುಕಬೇಕಾಗುತ್ತದೆ.

ಜೋಡಣೆಯ ಹಂತದಲ್ಲಿ ಮೇನ್ ಸ್ಪ್ರಿಂಗ್ ಸುಸ್ತಾಗಿದ್ದರೆ ಹೊಸದು ಬರುತ್ತದೆ. ಚಕ್ರಗಳನ್ನು ಕೂರಿಸಿ, ಮೇಲಿನ ತಟ್ಟೆ ಬಿಗಿದ ಮೇಲೆ ಬ್ಯಾರಲ್‌ಗೆ ಬೆರಳಿನ ತುದಿಯ ಬಲ ಕೊಟ್ಟರೂ ಸಾಲು ಪೂರ್ತಿ ಸರಾಗವಾಗಿ ತಿರುಗಿ, ನಿಲ್ಲುವಾಗ ಎಸ್ಕೇಪ್ ಚಕ್ರ ತುಸು ಹಿಂದಕ್ಕೆ ಜಾರಿದರೆ ಅಚ್ಚುಗಳಿಗೆ ಬೇಕಾದಷ್ಟು ಸಡಿಲವಿದೆ, ಎಲ್ಲೂ ತಡೆಯಿಲ್ಲ ಎಂಬುದಕ್ಕೆ ಸಾಕ್ಷಿ. ಬಹುತೇಕ ಎಣ್ಣೆ ಇದಾದ ಮೇಲೆ, ಸೂಜಿಗಿಂತ ತೆಳುವಾದ ಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟೇ ಪ್ರಮಾಣದಲ್ಲಿ, ಒಂದೊಂದು ಹರಳಿಗೂ ಸಲ್ಲುತ್ತದೆ. ಕೊನೆಗೆ ಕಾಂತತ್ವ ತೆಗೆದು, ಹಲವು ಭಂಗಿಗಳಲ್ಲಿ ನಡಿಗೆ ಹೊಂದಿಸಿ, ಕವಚಕ್ಕೆ ಸೇರಿಸಿ, ರಬ್ಬರ್ ಉಂಗುರ ಬದಲಿಸಿ, ಎರಡು ಮೂರು ದಿನ ಓಡಿಸಿ ನೋಡುವುದು ವಾಡಿಕೆ. ಮೂರು ಮುಳ್ಳಿನ ಸರಳ ಗಡಿಯಾರಕ್ಕೆ ಇದೆಲ್ಲ ಸೇರಿ ಮೂರರಿಂದ ಐದು ಗಂಟೆಯ ಕೈಕೆಲಸ. ನಿಲ್ಲುಗಡಿಯಾರವೂ ಸೇರಿರುವ ಕ್ರೋನೋಗ್ರಾಫ್‌ಗೆ ಅದರ ಎರಡರಷ್ಟು.

ಖರ್ಚಿನ ಪ್ರಶ್ನೆಯನ್ನು ಈ ಗಂಟೆಗಳಿಂದಲೇ ಅಳೆಯಬೇಕು. ಎಣ್ಣೆಯ ಬೆಲೆ ಇದರಲ್ಲಿ ಲೆಕ್ಕಕ್ಕೇ ಬಾರದು, 2 ಮಿಲಿಲೀಟರಿನ ಒಂದು ಸೀಸೆ ನೂರಾರು ಗಡಿಯಾರಗಳಿಗೆ ಸಾಲುತ್ತದೆ. ಕೊಡುವ ಹಣ ಸಲ್ಲುವುದು ಕೈಗೆ, ಸಮಯಕ್ಕೆ, ಬದಲಿಸಿದ ಭಾಗಕ್ಕೆ ಮತ್ತು ತಪ್ಪಾದರೆ ಮತ್ತೆ ಮಾಡಿಕೊಡುವ ಹೊಣೆಗೆ. ಕರ್ನಾಟಕದ ಪೇಟೆ ಬೀದಿಗಳ ಸಣ್ಣ ಅಂಗಡಿಗಳಲ್ಲಿ ಎಚ್‌ಎಂಟಿಯ ಓವರ್‌ಹಾಲಿಂಗ್ ಕೆಲವು ನೂರು ರೂಪಾಯಿಗಳಿಂದ ಸುಮಾರು ಸಾವಿರದ ಐನೂರರವರೆಗೆ ಆಗುತ್ತದೆ. ಟೈಮ್‌ಗ್ರಾಫರ್ ಇಟ್ಟುಕೊಂಡು, ಅಳತೆಯ ವಿವರ ಬರೆದುಕೊಟ್ಟು ಕೆಲಸ ಮಾಡುವ ಸ್ವತಂತ್ರ ಕುಶಲಿಗಳು ಎರಡರಿಂದ ಐದಾರು ಸಾವಿರ ಕೇಳುವುದುಂಟು. ಸ್ವಿಸ್ ಬ್ರ್ಯಾಂಡ್‌ಗಳ ಅಧಿಕೃತ ಕೇಂದ್ರಗಳಲ್ಲಿ ಮೊತ್ತ ಹತ್ತಾರು ಸಾವಿರಕ್ಕೆ ಏರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ತಂದೆಯ ಗಡಿಯಾರವನ್ನು ಅಲ್ಲಿನ ಸ್ವತಂತ್ರ ಕುಶಲಿಗೆ ಒಯ್ದರೆ ಇನ್ನೂರರಿಂದ ನಾನೂರು ಡಾಲರ್ ಕೊಡಬೇಕಾಗಬಹುದು, ಅಂದರೆ ಗಡಿಯಾರದ ಮಾರುಕಟ್ಟೆ ಬೆಲೆಯ ಹಲವು ಪಟ್ಟು. ರಜೆಯಲ್ಲಿ ಊರಿಗೆ ಬಂದಾಗ ಜೊತೆಗೆ ತರುವುದು ಲೇಸು.

ಮುನ್ನೂರು ರೂಪಾಯಿಗೆ ನಾಲ್ಕು ಗಂಟೆಯ ಸೂಕ್ಷ್ಮ ಕೆಲಸ ಸಿಗುವುದಿಲ್ಲ ಎಂಬುದು ಸರಳ ಗಣಿತ. ಆ ದರದಲ್ಲಿ ಸಾಮಾನ್ಯವಾಗಿ ನಡೆಯುವುದು ಬ್ಯಾಲೆನ್ಸ್ ತೆಗೆದು ಉಳಿದ ಯಂತ್ರವನ್ನು ಇಡಿಯಾಗಿ ಪೆಟ್ರೋಲಿನಲ್ಲಿ ಅದ್ದಿ, ಆರಿಸಿ, ಕಾಣುವ ಹರಳುಗಳಿಗೆ ಒಂದೇ ಎಣ್ಣೆ ಮುಟ್ಟಿಸುವುದು. ಗಡಿಯಾರ ಆಗ ಚುರುಕಾಗಿ ಹೊರಡುತ್ತದೆ, ಆಂಪ್ಲಿಟ್ಯೂಡ್ ಕೂಡ ತಾತ್ಕಾಲಿಕವಾಗಿ ಏರುತ್ತದೆ. ಆದರೆ ಕರಗಿದ ಹಳೆಯ ಅಂಟು ತಟ್ಟೆಗಳ ನಡುವೆ ಹರಡಿ ಉಳಿದಿರುತ್ತದೆ, ಹೊಸ ಎಣ್ಣೆ ಅದರ ಮೇಲೆ ಹರಿದು ಕೆಲವೇ ತಿಂಗಳಲ್ಲಿ ನೆಲೆ ಬಿಡುತ್ತದೆ. ಕೆಲಸ ಒಪ್ಪಿಸುವಾಗಲೇ ಪೂರ್ತಿ ಬಿಚ್ಚುತ್ತೀರಾ, ಮೇನ್ ಸ್ಪ್ರಿಂಗ್ ಬದಲಿಸಿದರೆ ಹಳೆಯದನ್ನು ಹಿಂದಿರುಗಿಸುತ್ತೀರಾ, ಮುಂಚಿನ ಮತ್ತು ಅನಂತರದ ಅಳತೆ ತೋರಿಸುತ್ತೀರಾ ಎಂದು ಕೇಳಿದರೆ ಪ್ರಾಮಾಣಿಕ ಕುಶಲಿ ಬೇಸರಪಡುವುದಿಲ್ಲ. ಇನ್ನೊಂದು ದಿಕ್ಕಿನ ಲೆಕ್ಕವೂ ಇದೆ: ಸೀಕೋ 5 ಮಾದರಿಯ ಅಗ್ಗದ ಆಟೋಮ್ಯಾಟಿಕ್‌ಗಳಲ್ಲಿ ಪೂರ್ಣ ಸರ್ವಿಸ್‌ಗಿಂತ ಹೊಸ ಯಂತ್ರವನ್ನೇ ಕೂರಿಸುವುದು ಎಷ್ಟೋ ವೇಳೆ ಅಗ್ಗವಾಗುತ್ತದೆ, ಭಾವನೆಯ ನಂಟಿಲ್ಲದವರಿಗೆ ಅದೇ ವಿವೇಕ.

ಮೇಲೆ ಉದಾಹರಿಸಿದ ಗಡಿಯಾರಕ್ಕೆ ಬಂದರೆ, ಅದರ ಲೆಕ್ಕ ಹೀಗಾಗಬಹುದು: ಪೂರ್ಣ ಬಿಚ್ಚುವಿಕೆ ಮತ್ತು ಎಣ್ಣೆಗೆ ಎರಡು ಸಾವಿರ ರೂಪಾಯಿ, ಹೊಸ ಮೇನ್ ಸ್ಪ್ರಿಂಗ್‌ಗೆ ಮೂರು ನಾಲ್ಕು ನೂರು, ಗೀರು ಬಿದ್ದ ಪ್ಲಾಸ್ಟಿಕ್ ಗಾಜು ಮತ್ತು ರಬ್ಬರ್ ಉಂಗುರಕ್ಕೆ ಇನ್ನಷ್ಟು. ಬಿಚ್ಚಿದಾಗ ಮೂರನೆಯ ಚಕ್ರದ ಅಚ್ಚಿನಲ್ಲಿ ಸಣ್ಣ ಗೀರು ಕಂಡು ಅದನ್ನು ಪಾಲಿಶ್ ಮಾಡಬೇಕಾಯಿತೆಂದರೆ ಕೂಲಿ ಏರುತ್ತದೆ, ಗೀರು ಆಳವಾಗಿದ್ದರೆ ಹಳೆಯ ಗಡಿಯಾರದಿಂದ ಕಿತ್ತ ಚಕ್ರ ಬೇಕು. ಎಲ್ಲ ಸರಿಹೋದ ಮೇಲೆ ಪೂರ್ತಿ ಕೀ ಕೊಟ್ಟು ಮಲಗಿಸಿದಾಗ 280 ಡಿಗ್ರಿ, ನಿಲ್ಲಿಸಿದಾಗ 250, ಇಪ್ಪತ್ನಾಲ್ಕು ಗಂಟೆಯ ಬಳಿಕ ಮಲಗಿಸಿದಾಗ 240 ಬಂದರೆ ಈ ದರ್ಜೆಯ ಯಂತ್ರಕ್ಕೆ ಅದು ತೃಪ್ತಿಕರ ಫಲ. ಭಂಗಿಗಳ ನಡುವಿನ ವ್ಯತ್ಯಾಸ ನಲವತ್ತು ಸೆಕೆಂಡಿನಿಂದ ಹದಿನೈದಕ್ಕೆ ಇಳಿದಿರುತ್ತದೆ. ದಿನದ ಮೊತ್ತದಲ್ಲಿ ಮಾತ್ರ ಗಡಿಯಾರ ಈಗ ಐದಾರು ಸೆಕೆಂಡು ಹಿಂದೆ ಬೀಳುವ ಬದಲು ಐದಾರು ಸೆಕೆಂಡು ಮುಂದೆ ಹೋಗುತ್ತಿರಬಹುದು, ಕೊಟ್ಟ ಹಣಕ್ಕೆ ಏನು ಬದಲಾಯಿತು ಎಂದು ಒಡೆಯರು ಕೇಳಿದರೆ ಅಂಗಡಿಯವರು ತೋರಿಸಬೇಕಾದದ್ದು ಎರಡು ಅಳತೆಗಳ ಆ ಚೀಟಿಯನ್ನೇ.